ಮೂರನೆಯ ಮನುಷ್ಯ ಯಾರು? – ಪ್ಲೇಟೋವಿನ ರೂಪಸಿದ್ಧಾಂತಕ್ಕೆ ಒಂದು ಪುನರಾವರ್ತನೆಯ ಟಿಪ್ಪಣಿ

ಬಿ.ಎ. ತರಗತಿಯಲ್ಲಿ ತತ್ತ್ವಶಾಸ್ತ್ರವನ್ನು ಓದುತ್ತಿರುವ ನೆರೆಮನೆಯ ಹುಡುಗಿಯೊಬ್ಬಳು ಪರೀಕ್ಷೆಗೆ ನಾಲ್ಕು ದಿನಗಳಿರುವಾಗ ಒಂದು ಹಾಳೆಯನ್ನು ಹಿಡಿದುಕೊಂಡು ನಮ್ಮ ಮನೆಯ ಜಗಲಿಗೆ ಬಂದಳು. ಅದು ಪುನರಾವರ್ತನೆಗಾಗಿ ಆಕೆಯೇ ಬರೆದುಕೊಂಡಿದ್ದ ಹಾಳೆ. ಒಂದು ಬದಿಯಲ್ಲಿ ‘ಪ್ಲೇಟೋವಿನ ರೂಪಸಿದ್ಧಾಂತ’, ಇನ್ನೊಂದು ಬದಿಯಲ್ಲಿ ‘ಮೂರನೆಯ ಮನುಷ್ಯನ ಆಕ್ಷೇಪ’. “ಮಾಷ್ಟ್ರೇ, ಎಲ್ಲ ಬಾಯಿಪಾಠ ಆಗಿದೆ. ಆದ್ರೆ ಈ ಮೂರನೆಯ ಮನುಷ್ಯ ಯಾರೂಂತ ಮಾತ್ರ ಗೊತ್ತಾಗ್ಲಿಲ್ಲ” ಎಂದಳು. ಹಾಳೆಯನ್ನು ಓದಿ ನೋಡಿದೆ. ಬರೆದುದರಲ್ಲಿ ತಪ್ಪಿರಲಿಲ್ಲ. ಆದರೆ ಮೊದಲನೆಯ ಮನುಷ್ಯನಿಂದ ಮೂರನೆಯವನವರೆಗೆ ನಡೆದು ಹೋಗುವ ದಾರಿ ಅದರಲ್ಲಿ ಇರಲಿಲ್ಲ. ಅಂದು ಅವಳಿಗೆ ಹೇಳಿದ್ದನ್ನೇ ಸ್ವಲ್ಪ ವಿಸ್ತರಿಸಿ ಇಲ್ಲಿ ಬರೆದಿದ್ದೇನೆ. ಈ ವಾದವು ನನ್ನ ಅಧ್ಯಾಪಕ ವೃತ್ತಿಯ ಒಂದು ಹಳೆಯ ಸಾಲವನ್ನೂ ನೆನಪಿಗೆ ತಂದಿತಾದ್ದರಿಂದ ಕೊನೆಯಲ್ಲಿ ಅದನ್ನೂ ಹೇಳಬೇಕಾಗಿದೆ.

ಮೊದಲು ರೂಪ ಎಂದರೇನು ಎಂಬುದನ್ನು ನೋಡೋಣ. ಪ್ಲೇಟೋವಿನ ‘ಯೂಥಿಫ್ರೋ’ ಎಂಬ ಸಂವಾದದಲ್ಲಿ ಸಾಕ್ರಟೀಸನು ಅಥೆನ್ಸಿನ ನ್ಯಾಯಸ್ಥಾನದ ಬಳಿ ಯೂಥಿಫ್ರೋ ಎಂಬವನನ್ನು ಸಂಧಿಸುತ್ತಾನೆ. ಕೂಲಿಯಾಳೊಬ್ಬನ ಸಾವಿಗೆ ಕಾರಣನಾದನೆಂದು ಆತ ತನ್ನ ತಂದೆಯ ಮೇಲೆಯೇ ಮೊಕದ್ದಮೆ ಹೂಡಲು ಬಂದವನು. ತಾನು ಮಾಡುತ್ತಿರುವುದು ಧರ್ಮವೆಂದು ಅವನಿಗೆ ಸಂಪೂರ್ಣ ವಿಶ್ವಾಸ. ಹಾಗಾದರೆ ಧರ್ಮವೆಂದರೇನು ಎಂದು ಸಾಕ್ರಟೀಸನು ಕೇಳುತ್ತಾನೆ. ‘ನಾನು ಈಗ ಮಾಡುತ್ತಿರುವುದೇ ಧರ್ಮ’ ಎಂಬ ಉತ್ತರ ಬರುತ್ತದೆ. ಇದು ಉದಾಹರಣೆಯೇ ಹೊರತು ಉತ್ತರವಲ್ಲ. ಧರ್ಮವೆನಿಸುವ ಹಲವು ಕಾರ್ಯಗಳಲ್ಲಿ ಒಂದೆರಡನ್ನು ಸಾಕ್ರಟೀಸನು ಕೇಳಿರಲಿಲ್ಲ. ಯಾವುದರಿಂದ ಆ ಎಲ್ಲ ಕಾರ್ಯಗಳೂ ಧರ್ಮವೆನಿಸುತ್ತವೆಯೋ ಆ ಒಂದನ್ನು ಆತ ಕೇಳಿದ್ದ. ಆ ಒಂದಕ್ಕೆ ಪ್ಲೇಟೋ ‘ರೂಪ’ ಎಂದು ಹೆಸರಿಟ್ಟನು.

ಮುಂದೆ ‘ಫೀಡೋ’, ‘ಸಿಂಪೋಸಿಯಂ’, ‘ರಿಪಬ್ಲಿಕ್’ ಮುಂತಾದ ಕೃತಿಗಳಲ್ಲಿ ಈ ವಿಚಾರವು ಬೆಳೆಯಿತು. ನಮಗೆ ಬೇಕಾದ ಅಂಶಗಳು ಮೂರು. ಅನೇಕ ವಸ್ತುಗಳಿಗೆ ನಾವು ಒಂದೇ ಗುಣವನ್ನು ಹೇಳುವಾಗ ಆ ಅನೇಕದ ಮೇಲೆ ಒಂದು ರೂಪವಿರುತ್ತದೆ ಎಂಬುದು ಮೊದಲನೆಯದು. ವಸ್ತುಗಳು ಆ ಗುಣವನ್ನು ಪಡೆಯುವುದು ಆ ರೂಪದಲ್ಲಿ ಪಾಲುಗೊಳ್ಳುವುದರಿಂದ; ಸುಂದರವಾದದ್ದು ಸುಂದರವಾಗಿರುವುದು ಸೌಂದರ್ಯದಿಂದಲೇ, ಬೇರಾವ ಕಾರಣದಿಂದಲೂ ಅಲ್ಲ ಎಂಬುದು ಎರಡನೆಯದು. ರೂಪವು ತನ್ನಲ್ಲಿ ಪಾಲುಗೊಂಡ ವಸ್ತುಗಳಿಂದ ಬೇರೆಯಾದದ್ದು ಎಂಬುದು ಮೂರನೆಯದು. ಸಮವೆಂದು ಕಾಣುವ ಎರಡು ಕೋಲುಗಳು ಒಬ್ಬನಿಗೆ ಸಮವಾಗಿ ಕಂಡು ಇನ್ನೊಬ್ಬನಿಗೆ ಹಾಗೆ ಕಾಣದಿರಬಹುದು. ಸಮತ್ವವು ಎಂದಿಗೂ ಅಸಮವಾಗಿ ಕಾಣಲಾರದು ಎಂದು ‘ಫೀಡೋ’ ಹೇಳುತ್ತದೆ. ವಸ್ತುಗಳು ಅನೇಕ, ರೂಪ ಒಂದು. ಈ ಒಂದು ಎಂಬ ಮಾತನ್ನು ನೆನಪಿನಲ್ಲಿಡಬೇಕು. ಆಕ್ಷೇಪದ ಏಟು ಬೀಳುವುದು ಅದರ ಮೇಲೆಯೇ.

ವಿಸ್ಮಯದ ಸಂಗತಿ ಏನೆಂದರೆ, ಏಟು ಹಾಕುವ ಕೋಲನ್ನು ಕೊಟ್ಟವನೂ ಪ್ಲೇಟೋವೇ. ‘ಪಾರ್ಮೆನಿಡೀಸ್’ ಎಂಬ ಸಂವಾದದಲ್ಲಿ ಸಾಕ್ರಟೀಸನು ಇನ್ನೂ ತರುಣ. ಅಥೆನ್ಸಿನ ಮಹೋತ್ಸವಕ್ಕೆಂದು ಇಟಲಿಯ ಎಲಿಯ ಪಟ್ಟಣದಿಂದ ಇಬ್ಬರು ಅತಿಥಿಗಳು ಬಂದಿದ್ದಾರೆ. ಒಬ್ಬನು ಸುಮಾರು 65 ವರ್ಷದ, ತಲೆ ನರೆತ, ಗಂಭೀರನಾದ ಪಾರ್ಮೆನಿಡೀಸ್. ಇನ್ನೊಬ್ಬನು 40ರ ಹತ್ತಿರದ ಅವನ ಶಿಷ್ಯ ಝೀನೋ. ತರುಣನು ರೂಪಸಿದ್ಧಾಂತವನ್ನು ಉತ್ಸಾಹದಿಂದ ಮಂಡಿಸುತ್ತಾನೆ. ವೃದ್ಧನು ಅದನ್ನು ತಾಳ್ಮೆಯಿಂದ ಪರೀಕ್ಷಿಸುತ್ತಾನೆ. ನ್ಯಾಯಕ್ಕೆ, ಸೌಂದರ್ಯಕ್ಕೆ ರೂಪವುಂಟೆಂದು ಸಾಕ್ರಟೀಸನು ಅನುಮಾನವಿಲ್ಲದೆ ಒಪ್ಪುತ್ತಾನೆ. ಮನುಷ್ಯನಿಗೆ, ಬೆಂಕಿಗೆ, ನೀರಿಗೆ ರೂಪವುಂಟೋ ಎಂದರೆ ತಡವರಿಸುತ್ತಾನೆ. ಕೂದಲಿಗೆ, ಕೆಸರಿಗೆ, ಕೊಳೆಗೆ ಉಂಟೋ ಎಂದಾಗ ಹಿಂಜರಿಯುತ್ತಾನೆ. ನೀನಿನ್ನೂ ಚಿಕ್ಕವನು, ಜನರ ಅಭಿಪ್ರಾಯಕ್ಕೆ ಬೆಲೆ ಕೊಡುತ್ತಿದ್ದೀಯೆ ಎಂದು ವೃದ್ಧನು ಅವನನ್ನು ಸಮಾಧಾನಪಡಿಸುತ್ತಾನೆ. ಅದಾದ ಮೇಲೆ ಬರುವುದು ನಮ್ಮ ವಾದ.

ಪ್ಲೇಟೋ ಅಲ್ಲಿ ತೆಗೆದುಕೊಂಡ ಗುಣ ‘ದೊಡ್ಡದಾಗಿರುವಿಕೆ’. ಕನ್ನಡದಲ್ಲಿ ದೊಡ್ಡತನವೆಂದರೆ ಔದಾರ್ಯವೆಂಬ ಅರ್ಥವೂ ಇದೆ. ಇಲ್ಲಿ ಗಾತ್ರದ ಮಾತು ಮಾತ್ರ. ಒಂದು ಆನೆ, ಒಂದು ಆಲದ ಮರ, ಒಂದು ಬೆಟ್ಟ ನಮ್ಮ ಮುಂದಿವೆ ಎಂದುಕೊಳ್ಳೋಣ. ಮೂರೂ ದೊಡ್ಡವು. ಮೂರನ್ನೂ ಒಟ್ಟಿಗೆ ನೋಡಿದಾಗ ಅವುಗಳ ಮೇಲೆ ಒಂದೇ ಲಕ್ಷಣವು ಕಾಣುತ್ತದೆ. ಅದೇ ದೊಡ್ಡತನವೆಂಬ ರೂಪ. ಇದನ್ನು ಮೊದಲನೆಯ ದೊಡ್ಡತನ ಎನ್ನೋಣ. ಇಲ್ಲಿಯವರೆಗೆ ಸಾಕ್ರಟೀಸನಿಗೆ ತೃಪ್ತಿ.

ಈಗ ಪಾರ್ಮೆನಿಡೀಸನು ಒಂದು ಸಣ್ಣ ಕೆಲಸ ಮಾಡುತ್ತಾನೆ. ಆನೆ, ಮರ, ಬೆಟ್ಟಗಳ ಸಾಲಿನಲ್ಲಿಯೇ ಆ ಮೊದಲನೆಯ ದೊಡ್ಡತನವನ್ನೂ ನಿಲ್ಲಿಸಿ, ಮನಸ್ಸಿನ ಕಣ್ಣಿನಿಂದ ನಾಲ್ಕನ್ನೂ ಒಟ್ಟಿಗೆ ನೋಡು ಎನ್ನುತ್ತಾನೆ. ನಾಲ್ಕೂ ದೊಡ್ಡವಲ್ಲವೇ? ಹಾಗಾದರೆ ಈ ನಾಲ್ಕೂ ದೊಡ್ಡದಾಗಿ ಕಾಣುವಂತೆ ಮಾಡುವ ಮತ್ತೊಂದು ದೊಡ್ಡತನ ಇವುಗಳ ಮೇಲೆ ಇರಲೇಬೇಕು. ಅದು ಎರಡನೆಯ ದೊಡ್ಡತನ. ಅದನ್ನೂ ಸಾಲಿಗೆ ಸೇರಿಸಿದರೆ ಐದಾಯಿತು. ಐದರ ಮೇಲೆ ಮೂರನೆಯ ದೊಡ್ಡತನ. ಈ ಏಣಿಗೆ ಕೊನೆಯ ಮೆಟ್ಟಿಲಿಲ್ಲ. ನಿನ್ನ ರೂಪಗಳಲ್ಲಿ ಪ್ರತಿಯೊಂದೂ ಇನ್ನು ಮೇಲೆ ಒಂದಾಗಿ ಉಳಿಯದು, ಸಂಖ್ಯೆಯಲ್ಲಿ ಅನಂತವಾಗುವುದು ಎಂದು ಪಾರ್ಮೆನಿಡೀಸನು ಮುಗಿಸುತ್ತಾನೆ. ನಮ್ಮ ತರ್ಕಶಾಸ್ತ್ರವು ಇಂಥದ್ದನ್ನು ಅನವಸ್ಥಾ ದೋಷವೆಂದು ಕರೆಯುತ್ತದೆ: ಎಲ್ಲಿಯೂ ನೆಲೆ ನಿಲ್ಲದಿರುವುದು.

ಗಾತ್ರದ ಬದಲು ಮನುಷ್ಯನನ್ನೇ ತೆಗೆದುಕೊಂಡರೆ ಆಕ್ಷೇಪದ ಹೆಸರು ಬಿಡಿಸಿಕೊಳ್ಳುತ್ತದೆ. ನಮ್ಮ ನಿಮ್ಮಂಥ ರಕ್ತಮಾಂಸದ ಮನುಷ್ಯನು ಮೊದಲನೆಯವನು. ಮನುಷ್ಯತ್ವದ ರೂಪ, ಅಂದರೆ ‘ಮನುಷ್ಯ ತಾನೇ’ ಎಂಬುದು ಎರಡನೆಯವನು. ಇವರಿಬ್ಬರನ್ನೂ ಮನುಷ್ಯರೆಂದು ಕರೆಯಲು ಬೇಕಾಗುವವನು ಮೂರನೆಯ ಮನುಷ್ಯ. ‘ಪಾರ್ಮೆನಿಡೀಸ್’ ಸಂವಾದದಲ್ಲಿ ಈ ಹೆಸರಿಲ್ಲ. ಪ್ಲೇಟೋವಿನ ವಿದ್ಯಾಪೀಠದಲ್ಲಿ ಇಪ್ಪತ್ತು ವರ್ಷ ಕಳೆದ ಅರಿಸ್ಟಾಟಲನ ಬರಹಗಳಲ್ಲಿ ಅದು ಬರುತ್ತದೆ. ಪರೀಕ್ಷೆಯಲ್ಲಿ ಅನೇಕರು ತಪ್ಪುವುದು ಇಲ್ಲಿ: ಉದಾಹರಣೆ ಪ್ಲೇಟೋವಿನದು ದೊಡ್ಡತನ, ಹೆಸರು ಅರಿಸ್ಟಾಟಲನ ಬಳಕೆಯದು.

ಈ ಏಣಿಯಿಂದ ಆದ ನಷ್ಟವೇನು? ರೂಪಗಳು ಸ್ವಲ್ಪ ಹೆಚ್ಚಾದರೆ ಏನಂತೆ ಎಂದು ಹುಡುಗಿ ಕೇಳಿದಳು. ನಷ್ಟ ಎರಡು ವಿಧ. ಅನೇಕಕ್ಕೆ ಒಂದು ಎಂಬುದೇ ಸಿದ್ಧಾಂತದ ಪ್ರಾಣ. ಒಂದರ ಬದಲು ಅನಂತ ಬಂದರೆ ಪ್ರಾಣವೇ ಹೋಯಿತು. ಎರಡನೆಯ ನಷ್ಟ ಇನ್ನೂ ಆಳವಾದದ್ದು. ಆನೆ ಏಕೆ ದೊಡ್ಡದು ಎಂದರೆ ದೊಡ್ಡತನದಿಂದ ಎನ್ನುತ್ತೇವೆ. ಆ ದೊಡ್ಡತನವೂ ದೊಡ್ಡದಾದರೆ, ಅದು ಏಕೆ ದೊಡ್ಡದು ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಒಬ್ಬನ ಸಾಲಕ್ಕೆ ಇನ್ನೊಬ್ಬ ಜಾಮೀನು, ಅವನಿಗೆ ಮತ್ತೊಬ್ಬ ಜಾಮೀನು, ಹಣ ಮಾತ್ರ ಯಾರ ಕೈಯಲ್ಲಿಯೂ ಇಲ್ಲ ಎಂಬಂತೆ, ಕಾರಣವನ್ನು ಹೇಳಿದಂತಾಗುತ್ತದೆಯೇ ಹೊರತು ಕಾರಣ ಸಿಕ್ಕಿರುವುದಿಲ್ಲ.

ಇನ್ನು ವಾದದ ಒಳಗಿನ ಕೀಲುಗಳನ್ನು ನೋಡಬೇಕು. ಗ್ರೆಗರಿ ವ್ಲಾಸ್ಟೋಸ್ ಎಂಬ ವಿದ್ವಾಂಸರು 1954ರಲ್ಲಿ ಪ್ರಕಟಿಸಿದ ಒಂದು ಲೇಖನವು ಈ ಚರ್ಚೆಯನ್ನು ಹೊಸದಾಗಿ ಹೊತ್ತಿಸಿತು. ಪಾರ್ಮೆನಿಡೀಸನು ಬಾಯಿಬಿಟ್ಟು ಹೇಳದ ಎರಡು ಊಹೆಗಳ ಮೇಲೆ ವಾದ ನಿಂತಿದೆ ಎಂದು ಅವರು ತೋರಿಸಿದರು. ದೊಡ್ಡತನವೇ ದೊಡ್ಡದು, ಅಂದರೆ ರೂಪವು ತಾನು ಕೊಡುವ ಗುಣವನ್ನು ತಾನೂ ಪಡೆದಿರುತ್ತದೆ ಎಂಬುದು ಮೊದಲ ಊಹೆ. ದೊಡ್ಡದಾದ ಯಾವುದೂ ತನ್ನಿಂದಲೇ ದೊಡ್ಡದಲ್ಲ, ತನಗಿಂತ ಬೇರೆಯಾದ ರೂಪದಿಂದ ದೊಡ್ಡದು ಎಂಬುದು ಎರಡನೆಯ ಊಹೆ.

ಇವುಗಳನ್ನು ಒಂದೊಂದಾಗಿ ತೆಗೆದು ನೋಡಿದರೆ ಯಾವುದರ ಕೆಲಸ ಏನೆಂದು ತಿಳಿಯುತ್ತದೆ. ಮೊದಲ ಊಹೆಯನ್ನು ತೆಗೆದರೆ ದೊಡ್ಡತನವನ್ನು ಆನೆ ಬೆಟ್ಟಗಳ ಸಾಲಿನಲ್ಲಿ ನಿಲ್ಲಿಸಲಾಗದು. ಸಾಲಿಗೆ ನಾಲ್ಕನೆಯದು ಬರುವುದೇ ಇಲ್ಲ. ಎರಡನೆಯದನ್ನು ತೆಗೆದರೆ ದೊಡ್ಡತನವು ಸಾಲಿನಲ್ಲಿ ನಿಂತರೂ ತನ್ನಿಂದಲೇ ದೊಡ್ಡದಾಗಬಹುದು. ಹೊಸ ರೂಪ ಬೇಕಾಗುವುದಿಲ್ಲ. ಎರಡೂ ಇದ್ದರೆ ಮಾತ್ರ ಏಣಿ ಬೆಳೆಯುತ್ತದೆ. ಅಷ್ಟೇ ಅಲ್ಲ. ಆ ಒಂದೇ ರೂಪದಿಂದಲೇ ಎಲ್ಲವೂ ದೊಡ್ಡದಾಗುತ್ತವೆ ಎಂದು ಹಿಡಿದರೆ ಈ ಎರಡು ಊಹೆಗಳು ಒಂದನ್ನೊಂದು ಕಡಿಯುತ್ತವೆ. ದೊಡ್ಡದಾದದ್ದೆಲ್ಲ ದೊಡ್ಡತನಕ್ಕಿಂತ ಬೇರೆ, ದೊಡ್ಡತನವೂ ದೊಡ್ಡದು, ಆದ್ದರಿಂದ ದೊಡ್ಡತನವು ದೊಡ್ಡತನಕ್ಕಿಂತ ಬೇರೆ! ವಿದ್ವಾಂಸರ ಮುಂದಿನ ಚರ್ಚೆಯ ಬಹುಪಾಲು ಈ ವಿರೋಧವಿಲ್ಲದಂತೆ ಎರಡನೆಯ ಊಹೆಯನ್ನು ಹೇಗೆ ತಿದ್ದಿ ಹೇಳಬಹುದು ಎಂಬುದರ ಮೇಲೆ ನಡೆಯಿತು. ಒಂದು ಸಾಲಿನ ಮೇಲಿರುವ ರೂಪ ಆ ಸಾಲಿನೊಳಗಿನ ಸದಸ್ಯವಾಗಿರದು ಎಂದು ಹೇಳಿದರೆ ಸಾಕು. ವಿರೋಧವಿಲ್ಲದೆಯೇ ಏಣಿ ಬೆಳೆಯುತ್ತದೆ.

ಸಂವಾದದ ತರುಣನು ಅಲ್ಲಿಗೇ ಸೋಲೊಪ್ಪುವುದಿಲ್ಲ. ರೂಪವೆಂಬುದು ಮನಸ್ಸಿನೊಳಗಿನ ಒಂದು ಆಲೋಚನೆ ಮಾತ್ರವಾಗಿರಬಹುದಲ್ಲವೇ ಎಂದು ಒಮ್ಮೆ ಕೇಳುತ್ತಾನೆ. ಆಲೋಚನೆಯೆಂದರೆ ಇರುವ ಯಾವುದೋ ಒಂದರ ಆಲೋಚನೆಯೇ. ಆ ಒಂದು ಯಾವುದು ಎಂದು ಮರುಪ್ರಶ್ನೆ ಬರುತ್ತದೆ. ಆಮೇಲೆ, ರೂಪಗಳು ಮಾದರಿಗಳು, ವಸ್ತುಗಳು ಅವುಗಳ ಪ್ರತಿಗಳು ಎನ್ನುತ್ತಾನೆ. ಪ್ರತಿಯು ಮಾದರಿಯನ್ನು ಹೋಲುತ್ತದಾದರೆ ಮಾದರಿಯೂ ಪ್ರತಿಯನ್ನು ಹೋಲಬೇಕಲ್ಲ, ಹೋಲುವ ಇವೆರಡಕ್ಕೂ ಸಮಾನವಾದ ಇನ್ನೊಂದು ರೂಪ ಬೇಕಲ್ಲ ಎಂದು ವೃದ್ಧನು ಮತ್ತೊಂದು ಏಣಿಯನ್ನು ನಿಲ್ಲಿಸುತ್ತಾನೆ. ಇದಕ್ಕೆ ಕೆಲವು ವ್ಯಾಖ್ಯಾನಕಾರರು ಕೊಟ್ಟ ಉತ್ತರ ಚೆನ್ನಾಗಿದೆ. ಅಜ್ಜನ ಎರಡು ಭಾವಚಿತ್ರಗಳು ಒಂದನ್ನೊಂದು ಹೋಲುವುದು ಎರಡೂ ಅಜ್ಜನಿಂದ ತೆಗೆದವಾದ್ದರಿಂದ. ಹಾಗೆಂದು ಅಜ್ಜನು ತನ್ನ ಚಿತ್ರವನ್ನು ಹೋಲಬೇಕಾದರೆ ಅವನೂ ಮತ್ತೊಬ್ಬ ಅಜ್ಜನ ಚಿತ್ರವಾಗಿರಬೇಕಿಲ್ಲ. ಆದರೆ ಈ ಉತ್ತರಕ್ಕೂ ಒಂದು ಬೆಲೆಯಿದೆ. ಹೋಲುವ ಎರಡು ವಸ್ತುಗಳಿಗೆ ಯಾವಾಗಲೂ ಸಮಾನರೂಪ ಬೇಕು ಎಂಬ ಹಳೆಯ ನಿಯಮವನ್ನು ಇಲ್ಲಿ ಬಿಟ್ಟುಕೊಡಬೇಕಾಗುತ್ತದೆ.

ಹಾಗಾದರೆ ಮೊದಲ ಊಹೆಯನ್ನೇ ಬಿಟ್ಟುಬಿಟ್ಟರಾಗದೇ? ದೊಡ್ಡತನವು ದೊಡ್ಡದಲ್ಲ ಎಂದರೆ ಯಾರಿಗೂ ದುಃಖವಿಲ್ಲ, ಗುಣಕ್ಕೆ ಗಾತ್ರವೆಲ್ಲಿಯದು? ನಮ್ಮ ನ್ಯಾಯ–ವೈಶೇಷಿಕರು ಬಹುಮಟ್ಟಿಗೆ ಈ ದಾರಿಯನ್ನೇ ಹಿಡಿದರು. ಅನೇಕ ಹಸುಗಳಲ್ಲಿ ಗೋತ್ವವೆಂಬ ಜಾತಿ ಇದೆ ಎಂದು ಅವರು ಒಪ್ಪುತ್ತಾರೆ, ಆದರೆ ಜಾತಿಗೆ ಮತ್ತೊಂದು ಜಾತಿಯನ್ನು ಒಪ್ಪುವುದಿಲ್ಲ. ಜಾತಿಯನ್ನು ಒಪ್ಪದಿರಲು ಉದಯನಾಚಾರ್ಯರು ಎಣಿಸಿದ ಆರು ಬಾಧಕಗಳಲ್ಲಿ ಅನವಸ್ಥೆಯೂ ಒಂದು. ಗ್ರೀಕರ ಸಂವಾದಕ್ಕೂ ಇದಕ್ಕೂ ಕೊಡುಕೊಳ್ಳುವಿಕೆ ಇತ್ತೆಂದು ನಾನು ಹೇಳುತ್ತಿಲ್ಲ. ಒಂದೇ ಹೊಂಡವನ್ನು ಎರಡು ದೇಶದವರು ಕಂಡರು, ಒಬ್ಬರು ಅಲ್ಲಿ ಬೇಲಿ ಹಾಕಿದರು ಎಂಬುದಷ್ಟೇ ನನ್ನ ಮಾತು.

ಆದರೆ ಪ್ಲೇಟೋವಿಗೆ ಆ ಬೇಲಿ ಸುಲಭವಲ್ಲ. ದೊಡ್ಡತನದ ವಿಷಯದಲ್ಲಿ ಊಹೆಯನ್ನು ಬಿಡಬಹುದು, ಸೌಂದರ್ಯದ ಮತ್ತು ನ್ಯಾಯದ ವಿಷಯದಲ್ಲಿ ಬಿಡುವುದು ಹೇಗೆ? ‘ಸಿಂಪೋಸಿಯಂ’ನಲ್ಲಿ ಮನುಷ್ಯನು ಒಂದು ಸುಂದರ ದೇಹದಿಂದ ತೊಡಗಿ ಮೆಟ್ಟಿಲು ಮೆಟ್ಟಿಲಾಗಿ ಏರಿ ಕೊನೆಗೆ ಸೌಂದರ್ಯವನ್ನೇ ಕಾಣುತ್ತಾನೆ, ಅದು ಒಮ್ಮೆ ಸುಂದರವಾಗಿ ಇನ್ನೊಮ್ಮೆ ಕುರೂಪವಾಗಿ ಕಾಣುವಂಥದ್ದಲ್ಲ, ಎಂದಿಗೂ ಮಾಸದಂಥದ್ದು. ಅಲ್ಲಿಗೆ ಏರಿ ಹೋದವನಿಗೆ, ಇದು ಸುಂದರವೇನೂ ಅಲ್ಲ, ಸುಂದರ ಎಂಬ ಪದಕ್ಕೆ ಅರ್ಥ ಕೊಡುವ ಒಂದು ಲಕ್ಷಣ ಮಾತ್ರ ಎಂದರೆ ಅವನು ಏರಿದ್ದಾದರೂ ಏಕೆ? ರೂಪವು ಅಳತೆಗೋಲೂ ಆಗಬೇಕು, ಹಂಬಲಿಸತಕ್ಕ ಗುರಿಯೂ ಆಗಬೇಕು. ಗುರಿಯಾಗಬೇಕಾದರೆ ಅದು ತಾನೇ ಸುಂದರವಾಗಿರಬೇಕು. ಹಾಗಾದೊಡನೆ ಅದು ಸುಂದರವಸ್ತುಗಳ ಸಾಲಿನಲ್ಲಿ ಬಂದು ನಿಲ್ಲುತ್ತದೆ. ಸಾಲಿನಲ್ಲಿ ನಿಂತೊಡನೆ ಮೂರನೆಯವನು ಬಾಗಿಲು ತಟ್ಟುತ್ತಾನೆ. ಈ ಆಕ್ಷೇಪದ ನಿಜವಾದ ನೋವು ಇರುವುದು ಇಲ್ಲಿ ಎಂದು ನನ್ನ ತಿಳಿವಳಿಕೆ.

ಈ ಗಂಟನ್ನು ಸಡಿಲಿಸಲು ಒಂದು ದೃಷ್ಟಾಂತ ಸಹಾಯವಾಗಬಹುದು. 1889ರಿಂದ 1960ರವರೆಗೆ ಮೀಟರ್ ಎಂಬ ಅಳತೆಗೆ ಆಧಾರವಾಗಿದ್ದದ್ದು ಪ್ಯಾರಿಸ್ ನಗರದ ಬಳಿ ಇರಿಸಿದ್ದ ಪ್ಲಾಟಿನಂ–ಇರಿಡಿಯಂ ಲೋಹದ ಒಂದು ಸರಳು. ಜವಳಿ ಅಂಗಡಿಯ ಬಟ್ಟೆ ಒಂದು ಮೀಟರ್ ಇದೆ ಎಂದರೆ ಅದನ್ನು ಆ ಅಳತೆಗೆ ಹೋಲಿಸಿದ್ದೇವೆ ಎಂದರ್ಥ. ಆ ಸರಳು ಒಂದು ಮೀಟರ್ ಇದೆ ಎಂದರೆ? ಅದನ್ನು ಮತ್ತೊಂದು ಸರಳಿಗೆ ಹೋಲಿಸಿದ್ದೇವೆ ಎಂದರ್ಥವಲ್ಲ. ಅಳೆಯುವುದು ಅದರಿಂದಲೇ ಎಂದರ್ಥ. ವಾಕ್ಯಗಳೆರಡೂ ನೋಡಲು ಒಂದೇ ತೆರ, ಅರ್ಥ ಬೇರೆ. ‘ನ್ಯಾಯವು ನ್ಯಾಯವಾದದ್ದು’ ಎಂಬ ಮಾತನ್ನೂ ಹೀಗೆಯೇ ಓದಬಹುದೆಂದು ಹಲವರು ಸೂಚಿಸಿದ್ದಾರೆ. ಆದರೆ ಸರಳು ಎಷ್ಟಾದರೂ ಒಂದು ಲೋಹದ ತುಂಡು. ಬಿಸಿಗೆ ಹಿಗ್ಗುವಂಥದ್ದು, ಆಮೇಲೆ ಬದಲಾಯಿಸಲ್ಪಟ್ಟದ್ದು. ರೂಪಕ್ಕೆ ಅದು ಪೂರ್ತಿ ಸಾಟಿಯಲ್ಲ. ಆ ಕೊರತೆಯೇ ನನಗೆ ನನ್ನ ಹಳೆಯ ಸಾಲವನ್ನು ನೆನಪಿಸಿತು.

ನಾನು ಅಧ್ಯಾಪಕನಾದ ಮೊದಲ ವರ್ಷಗಳ ಮಾತು. ಒಂದು ಪರೀಕ್ಷೆಯಲ್ಲಿ ಹುಡುಗನೊಬ್ಬನು ಬರೆದ ಉತ್ತರವು ನನ್ನ ಮಾದರಿ ಉತ್ತರಕ್ಕೆ ಹೊಂದಲಿಲ್ಲವೆಂದು ಹತ್ತರಲ್ಲಿ ಮೂರು ಅಂಕ ಕೊಟ್ಟಿದ್ದೆ. ಆತ ಹಾಳೆ ಹಿಡಿದು ಬಂದು ಕೇಳಿದ: “ನನ್ನ ಉತ್ತರ ಮಾದರಿಯ ಹಾಗೆ ಇಲ್ಲ, ಅದಕ್ಕೆ ತಪ್ಪು. ಮಾದರಿ ಯಾವುದರ ಹಾಗೆ ಇದೆ ಅಂತ ಅದು ಸರಿ, ಮಾಷ್ಟ್ರೇ?” ತರಗತಿ ನಕ್ಕಿತು. ಉದ್ಧಟತನವೆಂದು ಬಗೆದು ಅವನನ್ನು ಗದರಿಸಿ ಕುಳ್ಳಿರಿಸಿದೆ. ಅಂಕವನ್ನು ತಿದ್ದಲಿಲ್ಲ.

ಅವನು ಕೇಳಿದ್ದು ಪಾರ್ಮೆನಿಡೀಸನ ಪ್ರಶ್ನೆಯನ್ನೇ ಎಂದು ನನಗೆ ಅಂದು ತಿಳಿಯಲಿಲ್ಲ. ಮಾದರಿಗೆ ಇನ್ನೊಂದು ಮಾದರಿಯನ್ನು ತೋರಿಸಿದ್ದರೆ ಏಣಿ ಬೆಳೆಯುತ್ತಿತ್ತು. ಮಾದರಿ ಸರಿ, ಏಕೆಂದರೆ ಅದು ಮಾದರಿ ಎಂದಿದ್ದರೆ ಅದು ನನ್ನ ಅಧಿಕಾರವಾಗುತ್ತಿತ್ತೇ ಹೊರತು ಕಾರಣವಾಗುತ್ತಿರಲಿಲ್ಲ. ಮೌನದಿಂದ ನಾನು ಹೇಳಿದ್ದು ಈ ಎರಡನೆಯದನ್ನೇ. ನಿಜ ಹೇಳಬೇಕೆಂದರೆ ನನ್ನ ಮಾದರಿ ಉತ್ತರವೂ ಒಂದು ಉತ್ತರವೇ ಆಗಿತ್ತು. ಹುಡುಗನ ಹಾಳೆ ಕುಳಿತ ಸಾಲಿನಲ್ಲಿಯೇ ಅದೂ ಕುಳಿತಿತ್ತು; ಅದನ್ನೂ ಪ್ರಶ್ನೆಗೆ, ಪಾಠಕ್ಕೆ, ಸತ್ಯಕ್ಕೆ ಒಡ್ಡಿ ನೋಡಬೇಕಾಗಿತ್ತು. ಹಾಗೆ ನೋಡಿದ್ದರೆ ಅವನ ಉತ್ತರವು ಬೇರೆ ದಾರಿಯಿಂದ ಸರಿಯಾದ ಸ್ಥಳಕ್ಕೇ ತಲುಪಿತ್ತೆಂದು ಕಾಣುತ್ತಿತ್ತು. ಇದು ನನಗೆ ಹೊಳೆದದ್ದು ಎಷ್ಟೋ ವರ್ಷಗಳ ಮೇಲೆ. ಆ ವೇಳೆಗೆ ಅವನು ಊರು ಬಿಟ್ಟಿದ್ದ.

ಮೂರನೆಯ ಮನುಷ್ಯನ ವಾದದಿಂದ ನಾನು ಕಲಿತದ್ದು ಇಷ್ಟು. ಸಾಲಿನಲ್ಲಿ ನಿಲ್ಲಬಲ್ಲದ್ದೆಲ್ಲ ಅಳೆಯಲ್ಪಡತಕ್ಕದ್ದೇ. ಮಾದರಿ ಉತ್ತರವಿರಲಿ, ಮುಖ್ಯೋಪಾಧ್ಯಾಯನಿರಲಿ, ಊರು ಮೆಚ್ಚಿದ ನ್ಯಾಯವಂತನಿರಲಿ, ಅವರಲ್ಲಿ ಯಾರೂ ಅಳತೆಗೋಲಲ್ಲ. ತಾನು ಮಾಡುವುದೇ ಧರ್ಮವೆಂದ ಯೂಥಿಫ್ರೋವಿನ ತಪ್ಪೂ ಇದೇ: ಸಾಲಿನೊಳಗಿನ ಒಂದನ್ನು ಸಾಲಿನ ಮೇಲಿನ ಒಂದೆಂದು ಆತ ತಿಳಿದಿದ್ದ. ನ್ಯಾಯವೆಂಬುದು ಇದೆಯಾದರೆ ಅದು ನ್ಯಾಯವಂತರಲ್ಲಿ ಹಿರಿಯನಾದ ಇನ್ನೊಬ್ಬನಲ್ಲ. ಅದು ಬೇರೆ ಯಾವ ಬಗೆಯಲ್ಲಿ ಇದೆ, ಹಾಗಿದ್ದೂ ನಮ್ಮ ಹಂಬಲವನ್ನು ಹೇಗೆ ಸೆಳೆಯುತ್ತದೆ ಎಂಬ ಪ್ರಶ್ನೆಯನ್ನು ಪ್ಲೇಟೋ ಆ ಸಂವಾದದಲ್ಲಿ ಬಗೆಹರಿಸಲಿಲ್ಲ. ಆದರೆ ಅದೇ ಪಾರ್ಮೆನಿಡೀಸನ ಬಾಯಿಯಿಂದ ಒಂದು ಮಾತನ್ನು ಹೇಳಿಸಿದನು: ಇಷ್ಟೆಲ್ಲ ತೊಡಕುಗಳನ್ನು ಕಂಡು ರೂಪಗಳೇ ಇಲ್ಲವೆನ್ನುವವನಿಗೆ ತನ್ನ ವಿಚಾರವನ್ನು ನೆಡಲು ನೆಲವಿರದು, ಮಾತುಕತೆಯ ಶಕ್ತಿಯೇ ನಾಶವಾದೀತು. ಅಳತೆಗೋಲನ್ನು ಎಸೆಯಬೇಡ, ಇನ್ನೂ ಅಭ್ಯಾಸಮಾಡು ಎಂಬುದು ಆ ವೃದ್ಧನು ತರುಣನಿಗೆ ಕೊಟ್ಟ ಬುದ್ಧಿವಾದ.

ಹುಡುಗಿಯ ಹಾಳೆಯ ಕೆಳಗೆ ನಾಲ್ಕು ಸಾಲು ಬರೆಸಿದೆ: ಅನೇಕದ ಮೇಲೆ ಒಂದು, ಆ ಒಂದೂ ಅದೇ ಗುಣದ್ದು, ಯಾವುದೂ ತನ್ನಿಂದಲೇ ಆ ಗುಣದ್ದಲ್ಲ, ಆದ್ದರಿಂದ ಒಂದು ಅನಂತವಾಯಿತು. ಓದಿ ನೋಡಿ, “ಇಷ್ಟೇ ಆದ್ರೆ ಪ್ಲೇಟೋ ಸೋತ ಹಾಗಾಯ್ತಲ್ಲ?” ಎಂದಳು. ತನ್ನ ಉತ್ತರವನ್ನು ತಾನೇ ತಿದ್ದಿಕೊಂಡವನನ್ನು ಸೋತವನೆಂದು ಹೇಗೆ ಹೇಳುವುದು ಎಂದೆ. ಹೇಳುವಾಗ ನನ್ನ ಕಣ್ಣಮುಂದೆ ಇದ್ದದ್ದು ಪ್ಲೇಟೋ ಅಲ್ಲ. ಹತ್ತರಲ್ಲಿ ಮೂರು ಅಂಕದ ಆ ಹಾಳೆ.